ಷರತ್ತು ಮೊದಲು, ಮೊತ್ತ ಆಮೇಲೆ: ಸಾಲ–ವಿಮೆ ಬರಹಗಳಿಗೆ ತಲೆಬರಹ ಕೊಡುವ ಕೆಲಸ

ತಿಪಟೂರಿನಿಂದ ಕೊಬ್ಬರಿ ವ್ಯಾಪಾರಿಯೊಬ್ಬರು ಫೋನ್ ಮಾಡಿದ್ದರು. ಅವರ ಹೆಂಡತಿಗೆ ಪಿತ್ತಕೋಶದ ಕಲ್ಲಿನ ಶಸ್ತ್ರಚಿಕಿತ್ಸೆ ಆಗಿ, ಅವತ್ತು ಡಿಸ್ಚಾರ್ಜ್. ಬಿಲ್ ಕೌಂಟರ್ ಪಕ್ಕದಿಂದಲೇ ಮಾತಾಡುತ್ತಿದ್ದರು.

‘ಸಾರ್, ನಿಮ್ಮ ಪೇಪರ್ ಕತ್ತರಿಸಿ ಇಟ್ಕೊಂಡಿದ್ದೆ. ಆಸ್ಪತ್ರೆ ಖರ್ಚಿನ ಚಿಂತೆ ಬಿಡಿ, 5 ಲಕ್ಷದವರೆಗೆ ಪೂರ್ತಿ ವಿಮೆಯದ್ದೇ ಅಂತ ದಪ್ಪಕ್ಷರದಲ್ಲಿ ಹಾಕಿದೀರಿ. ಅದನ್ನ ನೋಡೇ ಪಾಲಿಸಿ ಮಾಡಿಸಿದ್ದು. ಈಗ 48 ಸಾವಿರ ಕೈಯಿಂದ ಕಟ್ಟಿ ಅಂತಿದಾರೆ. ಬಿಲ್ ಆಗಿರೋದೇ 1 ಲಕ್ಷದ 60 ಸಾವಿರ. 5 ಲಕ್ಷ ಎಲ್ಲಿ, ಇದೆಲ್ಲಿ?’

ಆ ತಲೆಬರಹ ಕೊಟ್ಟವನು ನಾನೇ. ಲೇಖನದಲ್ಲಿ ತಪ್ಪಿರಲಿಲ್ಲ. ಏಳನೇ ಪ್ಯಾರಾದಲ್ಲಿ ಕೊಠಡಿ ಬಾಡಿಗೆಯ ಮಿತಿ, ಅದನ್ನು ಮೀರಿದರೆ ಆಗುವ ಕಡಿತ ಎಲ್ಲವನ್ನೂ ಲೇಖಕರು ಬರೆದಿದ್ದರು. ಆದರೆ ಅವರು ಏಳನೇ ಪ್ಯಾರಾದಲ್ಲಿ ಹೇಳಿದ್ದನ್ನು ನಾನು ಮೇಲೆ ಕೂತು ಅಳಿಸಿಹಾಕಿದ್ದೆ. ಆ ಓದುಗರ ಕೈಯಲ್ಲಿದ್ದ ತುಣುಕಿನಲ್ಲಿ ತಲೆಬರಹವೂ ಮೊದಲ ಎರಡು ಪ್ಯಾರಾಗಳೂ ಮಾತ್ರ ಇದ್ದವು. ಉಳಿದದ್ದು ಮುಂದಿನ ಪುಟಕ್ಕೆ ಹೋಗಿತ್ತು.

ಅವರ ಬಿಲ್ಲನ್ನು ಬಿಡಿಸಿ ನೋಡಿದರೆ ತಲೆಬರಹದ ತಪ್ಪೂ ಬಿಡಿಸಿಕೊಳ್ಳುತ್ತದೆ. ಪಾಲಿಸಿ 5 ಲಕ್ಷದ್ದು. ಕೊಠಡಿ ಬಾಡಿಗೆಗೆ ದಿನಕ್ಕೆ ವಿಮಾ ಮೊತ್ತದ ಶೇ 1, ಅಂದರೆ 5,000 ರೂಪಾಯಿ ಮಿತಿ. ಅವರು ಹಿಡಿದದ್ದು 8,000 ರೂಪಾಯಿಯ ಕೊಠಡಿ, ನಾಲ್ಕು ದಿನ. ದಿನಕ್ಕೆ ಮೂರು ಸಾವಿರದಂತೆ 12,000 ಹೆಚ್ಚಾಗುತ್ತದೆ, ಅಷ್ಟನ್ನು ನಾವೇ ಹಾಕಿಕೊಳ್ಳೋಣ ಎಂದು ಮನೆಯವರೆಲ್ಲ ಲೆಕ್ಕ ಹಾಕಿದ್ದರು. ಯಾರೇ ಆದರೂ ಹಾಗೇ ಹಾಕುವ ಲೆಕ್ಕ ಅದು. ಆದರೆ ಬಹಳಷ್ಟು ಆಸ್ಪತ್ರೆಗಳಲ್ಲಿ ಕೊಠಡಿಯ ದರ್ಜೆ ಏರಿದಂತೆ ಸರ್ಜನ್ ಶುಲ್ಕ, ಆಪರೇಷನ್ ಥಿಯೇಟರ್ ಬಾಡಿಗೆ, ಅರಿವಳಿಕೆ ತಜ್ಞರ ಶುಲ್ಕ, ನರ್ಸಿಂಗ್ ಎಲ್ಲದರ ದರವೂ ಏರುತ್ತದೆ. ಅದಕ್ಕಾಗಿ ಇಂಥ ಪಾಲಿಸಿಗಳಲ್ಲಿ ವಿಮಾ ಕಂಪನಿ ಬಾಡಿಗೆಯನ್ನು ಕಡಿತ ಮಾಡಿದ ಪ್ರಮಾಣದಲ್ಲೇ ಈ ಶುಲ್ಕಗಳನ್ನೂ ಕಡಿತ ಮಾಡುತ್ತದೆ. ಎಂಟಕ್ಕೆ ಐದು ಕೊಡುವುದಾದರೆ ಎಲ್ಲದರಲ್ಲೂ ಎಂಟಕ್ಕೆ ಐದೇ.

ಅವರ ಬಿಲ್ಲಿನಲ್ಲಿ ಬಾಡಿಗೆ 32,000. ಶಸ್ತ್ರಚಿಕಿತ್ಸೆ, ವೈದ್ಯರು, ನರ್ಸಿಂಗ್ ಸೇರಿ 96,000. ಔಷಧ ಮತ್ತು ಪರೀಕ್ಷೆಗಳಿಗೆ 32,000. ಬಾಡಿಗೆಯಲ್ಲಿ ವಿಮೆ ಕೊಟ್ಟದ್ದು 20,000. ಆ 96,000ದಲ್ಲಿ ಎಂಟಕ್ಕೆ ಐದರಂತೆ 60,000. ಔಷಧಕ್ಕೂ ಪರೀಕ್ಷೆಗೂ ಈ ಕಡಿತ ಹಾಕುವಂತಿಲ್ಲ ಎಂದು ವಿಮಾ ನಿಯಂತ್ರಣ ಪ್ರಾಧಿಕಾರದ ನಿಯಮವಿದೆ. ಹಾಗಾಗಿ ಆ 32,000 ಪೂರ್ತಿ ಬಂತು. ಒಟ್ಟು 1,12,000. ಉಳಿದ 48,000ದಲ್ಲಿ ಮನೆಯವರು ನಿರೀಕ್ಷಿಸಿದ್ದು 12,000 ಮಾತ್ರ. ಮಿಕ್ಕ 36,000 ಅವರಿಗೆ ಗೊತ್ತೇ ಇರದ ಜಾಗದಿಂದ ಬಂದ ಹೊಡೆತ. ಅಡ್ಮಿಷನ್ ಹೊತ್ತಿಗೆ ‘ಐದು ಸಾವಿರದೊಳಗಿನ ಕೊಠಡಿ ಸಾಕು’ ಎಂದಿದ್ದರೆ ಈ ಹೊಡೆತ ಬೀಳುತ್ತಿರಲಿಲ್ಲ. ಹಾಗೆನ್ನಬೇಕು ಎಂದು ಅವರಿಗೆ ಹೇಳಬೇಕಾಗಿದ್ದವನು ನಾನು. ನಾನು ಹೇಳಿದ್ದು ‘ಚಿಂತೆ ಬಿಡಿ’ ಎಂದು.

ಆ ಫೋನ್ ಬಂದ ಮೇಲೆ ಹಳೆಯ ತಲೆಬರಹವನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಪದಪದವಾಗಿ ನೋಡಿದೆ. ‘5 ಲಕ್ಷ’ ನಿಜ. ‘ವರೆಗೆ’ ಕೂಡ ನಿಜವೇ, ಆದರೆ ಕಣ್ಣು ಮೊತ್ತದ ಮೇಲೆ ನಿಲ್ಲುತ್ತದೆ, ಅದಕ್ಕೆ ಅಂಟಿಕೊಂಡ ‘ವರೆಗೆ’ಯ ಮೇಲೆ ನಿಲ್ಲುವುದಿಲ್ಲ. ಬಡ್ಡಿದರದ ‘ರಿಂದ’ ಕೂಡ ಇದೇ ಜಾತಿಯದು. ‘ಶೇ 8.5ರಿಂದ’ ಎಂದರೆ ಅತ್ಯುತ್ತಮ ಸ್ಕೋರ್, ಖಾಯಂ ನೌಕರಿ ಇರುವವರಿಗೆ ಸಿಗುವ ದರ. ಓದುವ ಪ್ರತಿಯೊಬ್ಬರೂ ಅದು ತಮ್ಮದೇ ದರ ಅಂದುಕೊಳ್ಳುತ್ತಾರೆ. ‘ಪೂರ್ತಿ’ ಶುದ್ಧ ಸುಳ್ಳು. ‘ಚಿಂತೆ ಬಿಡಿ’ ಎಂಬುದಂತೂ ವಿಮಾ ಕಂಪನಿಯ ಪರವಾಗಿ ಪತ್ರಿಕೆ ಕೊಟ್ಟ ಮಾತು. ಕ್ಲೇಮ್ ಪಾಸು ಮಾಡುವುದು ನಮ್ಮ ಕೈಯಲ್ಲಿಲ್ಲ. ನಮ್ಮ ಕೈಯಲ್ಲಿ ಇಲ್ಲದ್ದಕ್ಕೆ ನಾವು ಮಾತು ಕೊಟ್ಟಿದ್ದೆವು.

ಇಂಥ ತಲೆಬರಹವನ್ನು ಸರಿಪಡಿಸಲು ಹೊರಟವರು ಮೊದಲು ಹಿಡಿಯುವ ದಾರಿ ‘ಬಹುದು’. ನಾನೂ ಹಿಡಿದೆ: ‘5 ಲಕ್ಷದವರೆಗಿನ ಆಸ್ಪತ್ರೆ ಖರ್ಚನ್ನು ವಿಮೆ ಭರಿಸಬಹುದು’. ಕಾನೂನಿನ ಕಣ್ಣಿಗೆ ಇದು ಸುರಕ್ಷಿತ. ಓದುಗರಿಗೆ ಇದರಿಂದ ಏನೂ ಆಗುವುದಿಲ್ಲ. ಯಾವಾಗ ಭರಿಸುತ್ತದೆ, ಯಾವಾಗ ಇಲ್ಲ ಎಂಬುದನ್ನು ‘ಬಹುದು’ ಹೇಳುವುದಿಲ್ಲ. ಹೇಳಬೇಕಾದ ಷರತ್ತಿನ ಜಾಗದಲ್ಲಿ ತಾನು ಕೂತುಕೊಳ್ಳುತ್ತದೆ ಅಷ್ಟೆ. ಕೊನೆಗೆ ಪ್ರಶ್ನಾರ್ಥಕ ಚಿಹ್ನೆ ಹಾಕುವುದೂ ಇಂಥದ್ದೇ ಉಪಾಯ. ‘5 ಲಕ್ಷ ಪೂರ್ತಿ ಸಿಗುತ್ತದೆಯೇ?’ ಎಂದು ಕೇಳಿದರೆ ಓದುಗರ ಮನಸ್ಸಿನಲ್ಲಿ ಉಳಿಯುವುದು ಐದು ಲಕ್ಷವೇ.

ಎರಡನೆಯ ದಾರಿ ಹೆದರಿಸುವುದು. ‘ವಿಮೆ ಇದ್ದರೂ ಆಸ್ಪತ್ರೆ ಬಿಲ್ ನಿಮ್ಮ ತಲೆಗೇ!’ ಆಮಿಷದ ತಲೆಬರಹಕ್ಕೆ ಬೈಸಿಕೊಂಡವರು ಪ್ರಾಯಶ್ಚಿತ್ತದಂತೆ ಇದಕ್ಕೆ ಬರುತ್ತಾರೆ. ತಿಪಟೂರಿನವರ ಬಿಲ್ಲಿನಲ್ಲಿ ನೂರಕ್ಕೆ ಎಪ್ಪತ್ತರಷ್ಟನ್ನು ವಿಮೆಯೇ ಕೊಟ್ಟಿತ್ತು. ಹಾಗಿರುವಾಗ ಇದೂ ಸುಳ್ಳೇ. ಈ ಸುಳ್ಳಿನಿಂದ ಒಬ್ಬರು ಪಾಲಿಸಿ ನವೀಕರಿಸದೆ ಬಿಟ್ಟರೆ ಅವರಿಗಾಗುವ ನಷ್ಟ 48 ಸಾವಿರಕ್ಕೆ ನಿಲ್ಲುವುದಿಲ್ಲ.

ಕೊನೆಗೆ ನನಗೆ ದಕ್ಕಿದ್ದು ಇದು: ‘ಬಾಡಿಗೆ ಮಿತಿ ದಾಟಿದರೆ ವಿಮೆ ಹಣಕ್ಕೂ ಕತ್ತರಿ’. ಇದರಲ್ಲಿ ಯಾರಿಗೂ ಯಾವ ಭರವಸೆಯೂ ಇಲ್ಲ. ಪಾಲಿಸಿಯಲ್ಲಿ ಬಾಡಿಗೆ ಮಿತಿ ಇಲ್ಲದವರಿಗೆ ಇದು ತಮಗಲ್ಲ ಎಂದು ಮೊದಲ ಎರಡು ಪದಗಳಲ್ಲೇ ಗೊತ್ತಾಗುತ್ತದೆ. ಇದ್ದವರಿಗೆ ನನ್ನದರಲ್ಲಿ ಎಷ್ಟಿದೆ ಎಂಬ ಪ್ರಶ್ನೆ ಏಳುತ್ತದೆ. ಇಡೀ ಲೇಖನ ಓದದಿದ್ದರೂ ಆಸ್ಪತ್ರೆಯ ಕೌಂಟರ್‌ನಲ್ಲಿ ‘ಯಾವ ರೂಮ್ ಕೊಡಲಿ?’ ಎಂದು ಕೇಳಿದಾಗ ಈ ಐದಾರು ಪದ ನೆನಪಾದರೂ ಸಾಕು. ಹಳೆಯದಕ್ಕಿಂತ ಇದು ಚಿಕ್ಕದು ಕೂಡ. ಷರತ್ತು ಸೇರಿಸಿದರೆ ತಲೆಬರಹ ಉದ್ದವಾಗುತ್ತದೆ, ಪುಟದಲ್ಲಿ ಕೂರುವುದಿಲ್ಲ ಎಂದು ಎಷ್ಟೋ ವರ್ಷ ನಾನು ಕಿರಿಯರಿಗೆ ಹೇಳುತ್ತಿದ್ದೆ. ಆ ಮಾತನ್ನು ಈಗ ಹೇಳುವುದಿಲ್ಲ.

ಷರತ್ತು ತಲೆಬರಹದ ಎಲ್ಲಿ ಬರಬೇಕು ಎಂಬುದರಲ್ಲಿ ಕನ್ನಡದ ವಾಕ್ಯದ ನಡಿಗೆಯೇ ನಮಗೆ ಒತ್ತಾಸೆ. ‘ದಾಟಿದರೆ’, ‘ಕಟ್ಟಿದ್ದರೆ’, ‘ಮೂರು ವರ್ಷದೊಳಗಾದರೆ’ ಎಂದು ನಮ್ಮಲ್ಲಿ ಷರತ್ತು ಸಹಜವಾಗಿಯೇ ಮುಂದೆ ಬರುತ್ತದೆ, ಫಲ ಆಮೇಲೆ. ಆದರೆ ಇದೇ ನಡಿಗೆಯಲ್ಲಿ ಒಂದು ಅಪಾಯವೂ ಇದೆ. ನಮ್ಮ ನಿಷೇಧ ವಾಕ್ಯದ ತುದಿಯಲ್ಲಿ ಇರುತ್ತದೆ. ತುದಿ ಕತ್ತರಿಸಿಹೋದರೆ ಅರ್ಥ ತಲೆಕೆಳಗಾಗುತ್ತದೆ. ಇದನ್ನು ನಾನು ಕಣ್ಣಾರೆ ಕಂಡದ್ದು ಸಿಬಿಲ್ ಸುದ್ದಿಯ ದಿನಗಳಲ್ಲಿ.

ಮೊದಲ ಬಾರಿ ಸಾಲ ಕೇಳುವವರ ಅರ್ಜಿಯನ್ನು, ಸಾಲದ ಇತಿಹಾಸವಿಲ್ಲ ಎಂಬ ಒಂದೇ ಕಾರಣಕ್ಕೆ ತಿರಸ್ಕರಿಸಬಾರದು ಎಂದು ರಿಸರ್ವ್ ಬ್ಯಾಂಕ್ ಬ್ಯಾಂಕ್‌ಗಳಿಗೆ ಸೂಚಿಸಿದೆ. 2025ರ ಆಗಸ್ಟ್‌ನಲ್ಲಿ ಹಣಕಾಸು ಸಚಿವಾಲಯ ಇದನ್ನು ಲೋಕಸಭೆಯಲ್ಲಿ ಹೇಳಿತು. ಮರುದಿನದಿಂದ ಎಲ್ಲೆಲ್ಲೂ ಒಂದೇ ತಲೆಬರಹ: ‘ಸಾಲಕ್ಕೆ ಇನ್ನು ಸಿಬಿಲ್ ಸ್ಕೋರ್ ಬೇಕಿಲ್ಲ’. ಇದರಲ್ಲಿ ಎರಡು ಜಾರುವಿಕೆಗಳಿವೆ. ಸ್ಕೋರ್ ಇಲ್ಲದಿರುವುದು ಬೇರೆ, ಸ್ಕೋರ್ ಕೆಟ್ಟಿರುವುದು ಬೇರೆ. ಈವರೆಗೆ ಸಾಲವನ್ನೇ ಮಾಡದ ಹೊಸ ನೌಕರನಿಗೆ ಇತಿಹಾಸವಿಲ್ಲ. ಹಳೆಯ ಕಂತುಗಳನ್ನು ಬಿಟ್ಟವನಿಗೆ ಇತಿಹಾಸವಿದೆ, ಅದು ಚೆನ್ನಾಗಿಲ್ಲ. ಸೂಚನೆ ಇದ್ದದ್ದು ಮೊದಲನೆಯವನ ಬಗ್ಗೆ, ತಲೆಬರಹ ನಂಬಿ ಬ್ಯಾಂಕಿಗೆ ಹೋದದ್ದು ಎರಡನೆಯವನೂ. ಇನ್ನೊಂದು ಜಾರುವಿಕೆ ಇದಕ್ಕಿಂತ ಸೂಕ್ಷ್ಮ. ಒಂದು ಕಾರಣಕ್ಕೆ ತಿರಸ್ಕರಿಸುವಂತಿಲ್ಲ ಎಂದರೆ ಮಂಜೂರು ಮಾಡಲೇಬೇಕು ಎಂದಲ್ಲ. ಆದಾಯ ಎಷ್ಟು, ನೌಕರಿ ಎಂಥದ್ದು, ಈಗಾಗಲೇ ಯಾವ ಹೊರೆ ಇದೆ, ಇವನ್ನೆಲ್ಲ ಬ್ಯಾಂಕ್ ನೋಡಿಯೇ ನೋಡುತ್ತದೆ.

ಈ ಗೊಂದಲವನ್ನು ತಿಳಿಗೊಳಿಸಲೆಂದೇ ನಮ್ಮ ಡೆಸ್ಕ್‌ನ ಹುಡುಗಿಯೊಬ್ಬಳು ಲೇಖನ ಸಿದ್ಧಪಡಿಸಿ ತಲೆಬರಹ ಕೊಟ್ಟಳು: ‘ಸಿಬಿಲ್ ಸ್ಕೋರ್ ಇಲ್ಲದಿದ್ದರೂ ಎಲ್ಲರಿಗೂ ಸಾಲ ಕೊಡಲೇಬೇಕೆಂಬ ನಿಯಮವಿಲ್ಲ’. ಅಕ್ಷರಕ್ಷರ ನಿಜ. ಮುದ್ರಿತ ಪುಟದಲ್ಲಿ ಚೆನ್ನಾಗಿಯೇ ಕೂತಿತು. ಅದೇ ಲೇಖನದ ಕೊಂಡಿ ಮೊಬೈಲ್‌ಗಳಿಗೆ ಹೋದಾಗ ಪರದೆ ಸಾಲದೆ ತುದಿ ಮೂರು ಚುಕ್ಕಿಯಾಯಿತು: ‘ಸಿಬಿಲ್ ಸ್ಕೋರ್ ಇಲ್ಲದಿದ್ದರೂ ಎಲ್ಲರಿಗೂ ಸಾಲ ಕೊಡಲೇಬೇಕೆಂಬ…’. ಸಂಜೆಯ ಹೊತ್ತಿಗೆ ಅವಳ ಸೋದರಮಾವನೇ ಅದನ್ನು ಮನೆಯ ಗುಂಪಿಗೆ ಕಳಿಸಿ, ‘ನೋಡಮ್ಮಾ, ನಿಮ್ಮ ಪೇಪರ್‌ನಲ್ಲೇ ಬಂದಿದೆ, ನಾಳೆ ಬ್ಯಾಂಕಿಗೆ ಹೋಗ್ತೀನಿ’ ಎಂದು ಬರೆದಿದ್ದರಂತೆ. ಅವಳು ಕಣ್ಣಲ್ಲಿ ನೀರು ತುಂಬಿಕೊಂಡು ನನ್ನ ಮೇಜಿನ ಹತ್ತಿರ ಬಂದಳು. ಅವಳದು ತಪ್ಪಲ್ಲ. ‘ಇಲ್ಲ’ ಎಂಬುದು ಎಲ್ಲಿ ಇರುತ್ತದೋ ಅಲ್ಲೇ ಅದನ್ನು ಇಟ್ಟಿದ್ದಳು.

ಅಂದಿನಿಂದ ಸಾಲ, ವಿಮೆಯ ತಲೆಬರಹ ಬರೆದ ಮೇಲೆ ಕೊನೆಯ ಎರಡು ಪದಗಳನ್ನು ಹೆಬ್ಬೆರಳಿನಿಂದ ಮುಚ್ಚಿ ಓದುವುದು ನಮ್ಮಲ್ಲಿ ರೂಢಿಯಾಗಿದೆ. ಉಳಿದದ್ದು ಭರವಸೆಯಂತೆ ಕೇಳಿಸಿದರೆ ತಲೆಬರಹವನ್ನು ಕೆಡವಿ ಕಟ್ಟಬೇಕು. ಆ ಲೇಖನಕ್ಕೆ ಕೊನೆಗೆ ಕೊಟ್ಟದ್ದು: ‘ಮೊದಲ ಸಾಲ ಕೇಳುವವರಲ್ಲಿ ಬ್ಯಾಂಕ್ ಏನೇನು ನೋಡುತ್ತದೆ’. ಎಲ್ಲಿ ಕತ್ತರಿಸಿದರೂ ಇದು ಯಾರನ್ನೂ ಬರಿಗೈಯಲ್ಲಿ ಬ್ಯಾಂಕಿಗೆ ಕಳಿಸುವುದಿಲ್ಲ. ಸಿಬಿಲ್ ಎಂಬ ಪದ ಇಲ್ಲದ್ದರಿಂದ ಓದಿದವರು ಕಡಿಮೆಯಾದರು ಎಂಬುದನ್ನೂ ಹೇಳಬೇಕು. ಆ ನಷ್ಟವನ್ನು ಒಪ್ಪಿಕೊಂಡೆವು.

‘ಗ್ಯಾರಂಟಿ’ ಎಂಬ ಪದದ ಕಥೆ ಕರ್ನಾಟಕದಲ್ಲಿ ಬೇರೆಯೇ. 2023ರಿಂದ ಈಚೆಗೆ ಈ ಪದ ಕೇಳಿದ ಕೂಡಲೇ ನಮ್ಮ ಓದುಗರ ಮನಸ್ಸಿಗೆ ಬರುವುದು ಸರ್ಕಾರದ ಐದು ಯೋಜನೆಗಳು: ತಿಂಗಳು ತಿಂಗಳು ಖಾತೆಗೆ ಬೀಳುವ ಎರಡು ಸಾವಿರ, ಹೆಂಗಸರಿಗೆ ಉಚಿತ ಬಸ್ ಪ್ರಯಾಣ. ಅದೇ ಪದವನ್ನು ಸಾಲದ ಪಕ್ಕ ಇಟ್ಟರೆ ಏನಾಗುತ್ತದೆ ನೋಡಿ. ಮುದ್ರಾ ಸಾಲಕ್ಕೆ ಆಸ್ತಿ ಅಡವಿಡಬೇಕಿಲ್ಲ, ಅದಕ್ಕೆ ಸರ್ಕಾರದ ಸಾಲ ಖಾತರಿ ನಿಧಿಯ ಬೆಂಬಲವಿದೆ. ಇದನ್ನೇ ‘ಸರ್ಕಾರದ ಗ್ಯಾರಂಟಿ ಇರುವ ಸಾಲ’ ಎಂದು ಬರೆದರೆ ಓದುಗರಿಗೆ ಎರಡು ಅರ್ಥ ಆಗುತ್ತದೆ, ಎರಡೂ ತಪ್ಪು. ಕೇಳಿದವರಿಗೆಲ್ಲ ಖಂಡಿತ ಸಿಗುತ್ತದೆ ಎಂದು ಒಂದು. ಕಟ್ಟಲಾಗದಿದ್ದರೆ ಸರ್ಕಾರವೇ ತೀರಿಸುತ್ತದೆ ಎಂದು ಇನ್ನೊಂದು. ಆ ಖಾತರಿ ಇರುವುದು ಸಾಲ ಕೊಟ್ಟ ಬ್ಯಾಂಕಿಗೆ. ಬ್ಯಾಂಕಿನ ನಷ್ಟದ ಒಂದು ಪಾಲನ್ನು ಆ ನಿಧಿ ತುಂಬಿಕೊಟ್ಟರೂ ಸಾಲಗಾರನ ಹೊಣೆ ಕಳೆಯುವುದಿಲ್ಲ. ಇಂಥ ಕಡೆ ನಮ್ಮ ಊರಿನ ಹಳೆಯ ಪದವೇ ಸರಿಯಾದ ಪದ: ‘ಆಸ್ತಿ ಅಡಮಾನವಿಲ್ಲದೆ, ಜಾಮೀನುದಾರರಿಲ್ಲದೆ ಕೇಳಬಹುದಾದ ಸಾಲ’. ‘ಸಿಗುವ’ ಅಲ್ಲ, ‘ಕೇಳಬಹುದಾದ’. ಇಲ್ಲಿ ‘ಬಹುದು’ ತನ್ನ ಕೆಲಸ ಮಾಡುತ್ತದೆ, ಏಕೆಂದರೆ ಅರ್ಜಿ ಹಾಕುವುದು ನಿಜಕ್ಕೂ ಓದುಗರ ಕೈಯಲ್ಲೇ ಇದೆ.

ವಿಮೆಯಲ್ಲಿ ಗ್ಯಾರಂಟಿ ಎಂಬುದು ಕೆಲವೊಮ್ಮೆ ನಿಜವೇ ಆಗಿರುತ್ತದೆ. ತಲೆಬರಹ ಕೊಡುವವನಿಗೆ ಅತಿ ಕಷ್ಟದ ಗಳಿಗೆ ಅದು. ಒಂದು ಉದಾಹರಣೆ ಕಟ್ಟಿ ನೋಡೋಣ. ವರ್ಷಕ್ಕೆ 1 ಲಕ್ಷದಂತೆ 10 ವರ್ಷ ಕಟ್ಟಿದರೆ 20 ವರ್ಷ ತುಂಬಿದಾಗ 20 ಲಕ್ಷ ಖಚಿತ ಎಂದು ಪಾಲಿಸಿಯಲ್ಲೇ ಬರೆದಿದೆ ಎಂದುಕೊಳ್ಳಿ. ‘10 ಲಕ್ಷ ಕಟ್ಟಿ, ಖಚಿತ 20 ಲಕ್ಷ ಪಡೆಯಿರಿ’ ಎಂದು ಬರೆದರೆ ಒಂದು ಅಂಕಿಯೂ ತಪ್ಪಲ್ಲ. ಆದರೆ ದುಡ್ಡು ದುಪ್ಪಟ್ಟು ಎಂದ ಕೂಡಲೇ ಓದುಗರಿಗೆ ಅನಿಸುವುದು ದೊಡ್ಡ ಲಾಭ. ಮೊದಲ ಕಂತು ಕಂಪನಿಯ ಹತ್ತಿರ 20 ವರ್ಷ ಇರುತ್ತದೆ, ಹತ್ತನೆಯ ಕಂತು 11 ವರ್ಷ. ಸರಾಸರಿ ಹದಿನೈದೂವರೆ ವರ್ಷ. ಅಷ್ಟು ಕಾಲದಲ್ಲಿ ದುಡ್ಡು ಎರಡರಷ್ಟಾಗಿದೆ ಎಂದರೆ ವರ್ಷಕ್ಕೆ ಚಕ್ರಬಡ್ಡಿಯಲ್ಲಿ ಸುಮಾರು ಶೇ 4.5 ಬಿದ್ದಂತೆ. ನಡುವೆ ಸಾವು ಸಂಭವಿಸಿದರೆ ಮನೆಯವರಿಗೆ ಸಿಗುವ ರಕ್ಷಣೆಯೂ ಇದರಲ್ಲೇ ಸೇರಿದೆ ಎಂಬುದನ್ನು ಮರೆಯಬಾರದು, ಅದಕ್ಕೆ ಬೆಲೆಯಿದೆ. ಎರಡು ಮೂರು ಕಂತು ಕಟ್ಟಿ ಬಿಟ್ಟವರಿಗೆ ಕಟ್ಟಿದಷ್ಟೂ ಹಿಂದಕ್ಕೆ ಬರದಿರುವ ಸಾಧ್ಯತೆಯನ್ನೂ ಮರೆಯಬಾರದು.

ಇಲ್ಲಿ ‘ಖಚಿತ’ವನ್ನು ತೆಗೆದುಹಾಕಿದರೆ ಸಾಲದು, ಕಾಲವನ್ನು ಒಳಗೆ ತರಬೇಕು. ‘10 ಲಕ್ಷ 20 ಲಕ್ಷವಾಗಲು 20 ವರ್ಷ: ವರ್ಷಕ್ಕೆ ಬೀಳುವುದು ಎಷ್ಟು?’ ಈ ಪ್ರಶ್ನಾರ್ಥಕ ಚಿಹ್ನೆಗೆ ನಾನು ಒಪ್ಪುತ್ತೇನೆ, ಏಕೆಂದರೆ ಲೇಖನದ ಮೊದಲ ಪ್ಯಾರಾದಲ್ಲೇ ಅದಕ್ಕೆ ಉತ್ತರವಿದೆ. ಲಾಭ ಖಚಿತವಲ್ಲದ ಪಾಲಿಸಿಗಳಲ್ಲಿ ಕಂಪನಿ ಕೊಡುವ ಲಾಭದ ಅಂದಾಜು ಪಟ್ಟಿಯಲ್ಲಿ ಶೇ 4 ಮತ್ತು ಶೇ 8 ಎಂಬ ಎರಡು ಊಹೆಯ ಕಾಲಂಗಳಿರುತ್ತವೆ. ತಲೆಬರಹಕ್ಕೆ ಬರುವ ಅಂಕಿ ಬಹುತೇಕ ಎಂಟರ ಕಾಲಮ್ಮಿನದೇ. ನಮ್ಮ ಪುಟದಲ್ಲಿ ಅದರ ಅಂಕಿ ಹಾಕುವುದಾದರೆ ನಾಲ್ಕರ ಅಂಕಿಯೂ ಅಷ್ಟೇ ದಪ್ಪಕ್ಷರದಲ್ಲಿ ಪಕ್ಕಕ್ಕೆ ಬರಬೇಕು. ಜಾಗವಿಲ್ಲದಿದ್ದರೆ ಎರಡೂ ಬೇಡ.

ತಪ್ಪುದಾರಿಗೆಳೆಯುವ ಜಾಹೀರಾತಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಮೊದಲ ಬಾರಿಗೆ 10 ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು. ಪತ್ರಿಕೆಯ ಮಾಹಿತಿ ಲೇಖನ ಜಾಹೀರಾತಲ್ಲ. ಆದರೆ ಜಾಹೀರಾತನ್ನು ಅನುಮಾನದಿಂದ ಓದುವ ಅದೇ ಓದುಗರು ನಮ್ಮ ಲೇಖನವನ್ನು ನಂಬಿ, ಕತ್ತರಿಸಿ, ಬೀರುವಿನಲ್ಲಿ ಪಾಲಿಸಿಯ ಜೊತೆಗೇ ಇಟ್ಟುಕೊಳ್ಳುತ್ತಾರೆ.

ತಿಪಟೂರಿನವರು ನವೀಕರಣದ ತಿಂಗಳಲ್ಲಿ ಮತ್ತೆ ಫೋನ್ ಮಾಡಿದರು. ಹೊಸ ತಲೆಬರಹದ ಲೇಖನ ಅವರ ಮುಂದಿತ್ತು. ‘ಸಾರ್, ಈ ಬಾಡಿಗೆ ಮಿತಿ ನಮ್ಮ ಪಾಲಿಸೀಲಿ ಎಲ್ಲಿ ಬರೆದಿರ್ತಾರೆ? ಮೂವತ್ತು ಪುಟ ಐತೆ, ಎಲ್ಲಾ ಇಂಗ್ಲಿಷು’ ಎಂದರು. ಪಾಲಿಸಿಯ ಜೊತೆ ‘ಗ್ರಾಹಕ ಮಾಹಿತಿ ಪತ್ರ’ ಎಂಬ ಚಿಕ್ಕ ದಾಖಲೆಯನ್ನು ಕಂಪನಿ ಕೊಡಲೇಬೇಕು, 2024ರ ಜನವರಿಯಿಂದ ಅದಕ್ಕೊಂದು ನಿಗದಿತ ನಮೂನೆ ಇದೆ, ಕೇಳಿದರೆ ಕನ್ನಡದಲ್ಲೇ ಕೊಡಬೇಕು ಎಂದು ಹೇಳಿದೆ. ಅದರಲ್ಲಿ ಮಿತಿಗಳಿಗೇ ಒಂದು ಸಾಲು ಇರುತ್ತದೆ. ಹಾಳೆ ತಿರುವುವ ಸದ್ದು ಫೋನಿನಲ್ಲಿ ಕೇಳಿಸಿತು. ಅತ್ತ ಹೆಂಡತಿಯನ್ನು ಕೂಗಿ ಕನ್ನಡಕ ತರಿಸಿಕೊಂಡರು.

‘ಇಲ್ಲೈತೆ ಸಾರ್,’ ಎಂದರು, ‘ದಿನಕ್ಕೆ ಶೇಕಡ ಒಂದು.’